ತೋಟದ ನೀತಿ ಪುಸ್ತಕದಿಂದ ‘ಮ್ಯಾನ್‌ಪವರ್’ ತೆಗೆದ ಬಗೆ

ಸಿದ್ದಾಪುರ ಕಡೆಯ ಕಾಫಿ ತೋಟವೊಂದರ ಕಚೇರಿಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಹಣ್ಣು ಬಿಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ನೀತಿ ಪುಸ್ತಕದಲ್ಲಿ ಮಾತ್ರ ಚೇರ್ಮನ್, ವಾಚ್‌ಮನ್, ಮ್ಯಾನ್‌ಪವರ್, ‘ನೌಕರನು’. ಇಂಗ್ಲಿಷ್, ಕನ್ನಡ ಎರಡೂ ಪ್ರತಿಗಳನ್ನು ತಿದ್ದಲು ಕೂತೆ.

ಚೇರ್ಮನ್ ಬೇಗ ಮುಗಿಯಿತು: ಇಂಗ್ಲಿಷಿನಲ್ಲಿ ಚೇರ್‌ಪರ್ಸನ್, ಕನ್ನಡದಲ್ಲಿ ಅಧ್ಯಕ್ಷರು. ವಾಚ್‌ಮನ್ ಕಾವಲು ಸಿಬ್ಬಂದಿಯಾಯಿತು.

ಮ್ಯಾನ್‌ಪವರ್‌ಗೆ ಒಂದೇ ಪದ ಹುಡುಕಿ ಎಲ್ಲ ಕಡೆ ಹಾಕಲು ಬರುವುದಿಲ್ಲ. ಆ ಪದ ಒಂದೊಂದು ಕಡೆ ಒಂದೊಂದು ವಿಷಯ ಹೇಳುತ್ತಿರುತ್ತದೆ. ‘ಕೊಯ್ಲಿಗೆ ಬೇಕಾದ ಮ್ಯಾನ್‌ಪವರ್’ ಅಂದರೆ ಕೆಲಸಗಾರರ ಸಂಖ್ಯೆ. ‘ಮ್ಯಾನ್‌ಪವರ್ ವೆಚ್ಚ’ ಅಂದರೆ ಕೂಲಿ ಮತ್ತು ಸಂಬಳ. ಮೇಸ್ತ್ರಿ ‘ಮ್ಯಾನ್‌ಪವರ್ ಸರಬರಾಜು’ ಮಾಡುವುದೆಂದರೆ ಗುತ್ತಿಗೆ ಕಾರ್ಮಿಕರನ್ನು ಕರೆತರುವುದು. ಪ್ರತಿ ಸಾಲಿನಲ್ಲೂ ‘ಇಲ್ಲಿ ಎಣಿಸುತ್ತಿರುವುದು ಜನರನ್ನೋ, ದುಡ್ಡನ್ನೋ’ ಎಂದು ಕೇಳಿಕೊಂಡು ಬರೆದೆ. ಹೀಗೆ ಬಿಡಿಸಿದ ಮೇಲೆ ಪುಸ್ತಕ ಮೊದಲಿಗಿಂತ ಸ್ಪಷ್ಟವೂ ಆಯಿತು.

ಮ್ಯಾನ್-ಡೇಸ್‌ಗೆ ‘ಕೆಲಸದ ದಿನ’ ಎಂದು ಬರೆದರೆ ಲೆಕ್ಕವೇ ಕೆಡುತ್ತದೆ. ಇಪ್ಪತ್ತು ಜನ ಐದು ದಿನ ದುಡಿದರೆ ನೂರು ಬರಬೇಕು; ಓದುವವರಿಗೆ ಐದೇ ದಿನ ಅನ್ನಿಸುತ್ತದೆ. ನರೇಗಾದ ಕಡತಗಳಲ್ಲಿ ರೂಢಿಯಾಗಿರುವ ‘ಮಾನವ ದಿನ’ವನ್ನೇ ಉಳಿಸಿಕೊಂಡೆ. ಇಂಗ್ಲಿಷ್ ಪ್ರತಿಗೆ ಪರ್ಸನ್-ಡೇಸ್.

ಹೆಚ್ಚು ಹೊತ್ತು ಹಿಡಿದದ್ದು ಕನ್ನಡದ ‘ನೌಕರನು’. ‘ನೌಕರರು’ ಎಂದರೆ ಗಂಡು-ಹೆಣ್ಣಿನ ಪ್ರಶ್ನೆ ತೀರುತ್ತದೆ, ಆದರೆ ಒಬ್ಬರೋ ಹಲವರೋ ಎಂಬುದು ಮಸುಕಾಗುತ್ತದೆ. ‘ನೌಕರರು ತಿಳಿಸದೆ ಗೈರಾದರೆ ಅವರಿಗೆ ನೋಟಿಸ್ ಕೊಡಲಾಗುವುದು’ ಎಂಬ ಸಾಲನ್ನು ಓದಿದ, ತೋಟದ ಲೆಕ್ಕ ಬರೆಯುವ ನಮ್ಮ ರೈಟರ್, “ಲೈನ್ ಮನೆಯ ಕೆಲಸಗಾರರಿಗೆಲ್ಲ ಸೇರಿಸಿ ಒಂದೇ ನೋಟಿಸಾ ಮೇಡಂ?” ಎಂದು ಕೇಳಿದರು. ಕೇಳಿದ್ದು ಸರಿಯಾಗಿತ್ತು. ‘ಯಾರೇ ತಿಳಿಸದೆ ಗೈರಾದರೂ, ಗೈರಾದ ಪ್ರತಿಯೊಬ್ಬರಿಗೂ ಪ್ರತ್ಯೇಕ ನೋಟಿಸ್’ ಎಂದು ತಿದ್ದಿದೆ. ಶಿಸ್ತು, ದಂಡ, ಬಾಕಿ ಹಣದ ಸಾಲುಗಳಲ್ಲೆಲ್ಲ ಈ ಎಚ್ಚರ ಬೇಕು. ರಜೆಯ ಅಧ್ಯಾಯದಲ್ಲಿ ‘ಅರ್ಜಿದಾರರು’ ಎಂದದ್ದೇ ಸಾಕಾಯಿತು.

ಲಿಂಗ ಅಳಿಸಲೇಬಾರದ ಜಾಗಗಳೂ ಇವೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿಯ ಮುಖ್ಯಸ್ಥರು ಹಿರಿಯ ಹುದ್ದೆಯ ಮಹಿಳೆಯೇ ಆಗಿರಬೇಕು. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು. ಅಲ್ಲಿ ಬರೀ ‘ಅಧ್ಯಕ್ಷರು’ ಎಂದು ಬಿಟ್ಟರೆ ನಾಳೆ ಮ್ಯಾನೇಜರ್ ಸಾಹೇಬರನ್ನೇ ಕೂರಿಸಿಬಿಡಬಹುದು, ಆಗ ಸಮಿತಿಯೇ ಕಾನೂನಿಗೆ ವಿರುದ್ಧವಾಗುತ್ತದೆ. ಅದಕ್ಕೇ ‘ಅಧ್ಯಕ್ಷರು, ಹಿರಿಯ ಹುದ್ದೆಯ ಮಹಿಳಾ ನೌಕರರು’ ಎಂದು ಬಿಡಿಸಿ ಬರೆದೆ. ಹೆರಿಗೆ ರಜೆಯ ಸಾಲುಗಳನ್ನೂ ಮುಟ್ಟಲಿಲ್ಲ. ಮುಂದೆ ಪುಸ್ತಕ ತಿದ್ದುವವರು ಹುಡುಕಿ-ಬದಲಿಸಿ ಒತ್ತಿಬಿಡದಂತೆ, ಕಡತದಲ್ಲಿ ಆ ಸಾಲುಗಳ ಪಕ್ಕ ಕಾಯ್ದೆಯ ಹೆಸರು ಸಮೇತ ಟಿಪ್ಪಣಿ ಹಾಕಿಟ್ಟಿದ್ದೇನೆ.