ಜೆ-ಟಿ ವಾಲ್ವ್ ಯಾವಾಗ ತಂಪು ಮಾಡುತ್ತೆ? ಹೀಲಿಯಂ ಪ್ಲಾಂಟಿನಲ್ಲಿ ನನ್ನ ಅನುಭವ

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಹೀಲಿಯಂ ದ್ರವ ಮಾಡುವ ಪ್ಲಾಂಟ್ ನಡೆಸುವುದು ನನ್ನ ಕೆಲಸ. ಎನ್‌ಎಂಆರ್ ಯಂತ್ರದ ಮ್ಯಾಗ್ನೆಟ್ಟಿಗೆ, ಕಡಿಮೆ ತಾಪಮಾನದ ಪ್ರಯೋಗಗಳಿಗೆ ಲಿಕ್ವಿಡ್ ಹೀಲಿಯಂ ಬೇಕು. ಅಲ್ಲಿ ಆವಿಯಾದ ಅನಿಲ ಪೈಪಿನಲ್ಲಿ ವಾಪಸ್ ಬಂದು ದೊಡ್ಡ ಗ್ಯಾಸ್ ಬ್ಯಾಗಿನಲ್ಲಿ ಸೇರುತ್ತದೆ. ಹೊರದೇಶದಿಂದ ತರಿಸುವ ದುಬಾರಿ ಅನಿಲ ಇದು, ಗಾಳಿಗೆ ಬಿಡೋ ಹಾಗಿಲ್ಲ. ಅದನ್ನು ಶುದ್ಧ ಮಾಡಿ, ಮತ್ತೆ ದ್ರವ ಮಾಡಿ ಕೊಡುತ್ತೇವೆ.

ತರಬೇತಿಗೆ ಬರುವ ಹುಡುಗರು ಪ್ಲಾಂಟಿನ ನಕ್ಷೆ ನೋಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಕೊನೇಲಿ ದ್ರವ ಬರೋದು ಜೆ-ಟಿ ವಾಲ್ವಿನಿಂದ ಅಲ್ವಾ ಸರ್? ಹಾಗಿದ್ರೆ ಈ ಟರ್ಬೈನು, ಲಿಕ್ವಿಡ್ ನೈಟ್ರೋಜನ್ನು ಎಲ್ಲ ಯಾಕೆ? ಒತ್ತಡ ಹಾಕಿ ವಾಲ್ವ್ ತೆರೆದರೆ ಸಾಲದಾ?" ಜೆ-ಟಿ ಅಂದರೆ ಜೌಲ್-ಥಾಮ್ಸನ್, ಒತ್ತಿದ ಅನಿಲ ಸಣ್ಣ ಸಂದಿನಲ್ಲಿ ನುಸುಳಿ ಒತ್ತಡ ಇಳಿಸಿಕೊಳ್ಳುವ ವಾಲ್ವ್. ಒಳ್ಳೆಯ ಪ್ರಶ್ನೆ. ಬಾಯಲ್ಲಿ ಉತ್ತರ ಹೇಳುವ ಬದಲು ಒಂದು ಚಿಕ್ಕ ಪ್ರಯೋಗ ಮಾಡಿಸುತ್ತೇನೆ.

ಒಂದು ಸ್ಟೀಲ್ ಕೊಳವೆ. ಅದರ ನಡುವೆ ಸಿಂಟರ್ ಮಾಡಿದ ಲೋಹದ ಬಿಲ್ಲೆ, ಅಂದರೆ ಸಣ್ಣ ಸಣ್ಣ ರಂಧ್ರಗಳಿಂದ ಮಾತ್ರ ಅನಿಲ ನುಸುಳುವಂಥ ಅಡ್ಡಗೋಡೆ. 1852ರ ಹೊತ್ತಿಗೆ ಜೌಲ್ ಮತ್ತು ಥಾಮ್ಸನ್ ಇದೇ ಕೆಲಸಕ್ಕೆ ಹತ್ತಿ ತುರುಕಿದ್ದರು. ಬಿಲ್ಲೆಯ ಹಿಂದೆ ಒಂದು, ಮುಂದೆ ಒಂದು ತಾಪಮಾನ ಅಳೆಯುವ ಥರ್ಮೊಕಪಲ್. ಹೊರಗಿನ ಶಾಖ ಒಳಗೆ ಬರದಂತೆ ಕೊಳವೆಯ ಸುತ್ತ ದಪ್ಪ ಫೋಮ್. ಒಳಗೆ ಬರುವ ಅನಿಲ ಮೊದಲು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ ತಾಮ್ರದ ಸುರುಳಿಯಲ್ಲಿ ಹಾದು ಬರಬೇಕು. ಈ ಸುರುಳಿ ಬಹಳ ಮುಖ್ಯ. ಸಿಲಿಂಡರಿನಿಂದ ಜೋರಾಗಿ ಅನಿಲ ಬಿಟ್ಟರೆ ಸಿಲಿಂಡರೇ ತಣ್ಣಗಾಗುತ್ತದೆ. ಒಳಗೆ ಉಳಿದ ಅನಿಲ ಹಿಗ್ಗುತ್ತಾ, ಹೊರಹೋಗುವ ಅನಿಲವನ್ನು ತಳ್ಳುವ ಕೆಲಸ ಮಾಡುತ್ತದೆ. ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಹೀಲಿಯಂ ಸಿಲಿಂಡರ್ ಕೂಡ ಹೀಗೆ ತಣ್ಣಗಾಗುತ್ತದೆ. ಅದನ್ನು ಮುಟ್ಟಿ ನೋಡಿ "ಹೀಲಿಯಂ ಕೂಡ ವಾಲ್ವಿನಲ್ಲಿ ತಂಪಾಗುತ್ತೆ" ಅಂತ ತೀರ್ಮಾನಿಸುವವರು ಇದ್ದಾರೆ. ಥ್ರಾಟ್ಲಿಂಗ್, ಅಂದರೆ ಇಕ್ಕಟ್ಟಾದ ಸಂದಿನಲ್ಲಿ ನುಸುಳಿ ಅನಿಲದ ಒತ್ತಡ ಇಳಿಯುವುದು, ಬೇರೆ. ಅಲ್ಲಿ ಅನಿಲ ಒಂದೇ ಸಮನೆ ಹರಿಯುತ್ತಿರಬೇಕು. ಬಿಲ್ಲೆಯ ಹಿಂದಿನ ಮತ್ತು ಮುಂದಿನ ತಾಪಮಾನ ಎರಡೂ ನಿಂತ ಮೇಲೆ ಓದಬೇಕು.

10 ಬಾರ್‌ನಿಂದ 1 ಬಾರ್‌ಗೆ ಇಳಿಸಿ ನೋಡಿ. ಕಾರ್ಬನ್ ಡೈಆಕ್ಸೈಡ್ ಸುಮಾರು 10 ಡಿಗ್ರಿ ಇಳಿಯುತ್ತದೆ. ನೈಟ್ರೋಜನ್ ಸುಮಾರು 2 ಡಿಗ್ರಿ. ಹೀಲಿಯಂ ಮಾತ್ರ ಅರ್ಧ ಡಿಗ್ರಿಯಷ್ಟು ಏರುತ್ತದೆ. ಹುಡುಗರು ಮೊದಲು ಥರ್ಮೊಕಪಲ್ ತಂತಿ ಅದಲುಬದಲಾಗಿದೆ ಅಂದುಕೊಳ್ಳುತ್ತಾರೆ. ನೈಟ್ರೋಜನ್ ಮತ್ತೆ ಹಾಕಿ ತೋರಿಸಿದ ಮೇಲೆ ಸುಮ್ಮನಾಗುತ್ತಾರೆ.

ಯಾಕೆ ಹೀಗೆ? ಥ್ರಾಟ್ಲಿಂಗ್‌ನಲ್ಲಿ ಹೊರಗಿನಿಂದ ಶಾಖ ಬರೋದಿಲ್ಲ, ಅನಿಲ ಯಾವ ಚಕ್ರವನ್ನೂ ತಿರುಗಿಸೋದಿಲ್ಲ. ಹಾಗಾಗಿ ಎಂಥಾಲ್ಪಿ, ಅಂದರೆ ಅನಿಲದ ಒಳಶಕ್ತಿಗೆ ಒತ್ತಡ-ಗಾತ್ರದ ಗುಣಲಬ್ಧ ಸೇರಿದ ಮೊತ್ತ, ಬದಲಾಗೋದಿಲ್ಲ. ಆದರ್ಶ ಅನಿಲ ಆಗಿದ್ದರೆ ತಾಪಮಾನವೂ ಅಷ್ಟೇ ಇರುತ್ತಿತ್ತು. ನಿಜವಾದ ಅನಿಲದಲ್ಲಿ ಎರಡು ಸಂಗತಿಗಳು ಎದುರುಬದುರು ನಿಲ್ಲುತ್ತವೆ. ಅಣುಗಳು ಒಂದನ್ನೊಂದು ಸ್ವಲ್ಪ ಎಳೆಯುತ್ತವೆ. ಅನಿಲ ಹಿಗ್ಗಿದಾಗ ಆ ಎಳೆತದ ವಿರುದ್ಧ ದೂರ ಸರಿಯಬೇಕು, ಅದಕ್ಕೆ ತಮ್ಮ ಚಲನೆಯ ಶಕ್ತಿಯನ್ನೇ ಕೊಡಬೇಕು. ಇದು ತಂಪು ಮಾಡುವ ಕಡೆ. ಇನ್ನೊಂದು ಕಡೆ, ಅಣುಗಳಿಗೂ ಗಾತ್ರ ಇದೆ. ತೀರಾ ಹತ್ತಿರ ಬಂದಾಗ ತಳ್ಳಾಡುತ್ತವೆ. ಒತ್ತಿದ ಅನಿಲದಲ್ಲಿ ಈ ತಳ್ಳಾಟದ ಶಕ್ತಿ ಕೂತಿರುತ್ತದೆ, ಒತ್ತಡ ಇಳಿದಾಗ ಅದು ಶಾಖವಾಗಿ ಹೊರಬರುತ್ತದೆ. ಅನಿಲ ಬಿಸಿ ಇದ್ದಷ್ಟೂ ಅಣುಗಳು ಜೋರಾಗಿ ಓಡುತ್ತವೆ, ಎಳೆತಕ್ಕೆ ಬೆಲೆ ಇರೋದಿಲ್ಲ, ತಳ್ಳಾಟ ಗೆಲ್ಲುತ್ತದೆ. ಎರಡೂ ಸರಿಸಮ ಆಗುವ ತಾಪಮಾನವೇ ಇನ್ವರ್ಶನ್ ತಾಪಮಾನ. ಅದರ ಕೆಳಗೆ ವಾಲ್ವ್ ತಂಪು ಮಾಡುತ್ತದೆ, ಮೇಲೆ ಬಿಸಿ ಮಾಡುತ್ತದೆ.

ವಾನ್ ಡರ್ ವಾಲ್ಸ್ ಸಮೀಕರಣದಿಂದ ಇದನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಒತ್ತಡ ಕಡಿಮೆ ಇದ್ದಾಗ ಬರುವ ಸೂತ್ರ ಇಷ್ಟೇ:

T = 2a/(Rb)

ಇಲ್ಲಿ a ಎಳೆತದ ಅಳತೆ, b ಗಾತ್ರದ ಅಳತೆ. ಹೀಲಿಯಂಗೆ a = 0.0346, b = 0.0238 (ಲೀಟರ್, ಬಾರ್, ಮೋಲ್ ಲೆಕ್ಕದಲ್ಲಿ), R = 0.08314. ಉತ್ತರ ಸುಮಾರು 35 ಕೆಲ್ವಿನ್. ನೈಟ್ರೋಜನ್‌ಗೆ a = 1.370, b = 0.0387, ಉತ್ತರ ಸುಮಾರು 850 ಕೆಲ್ವಿನ್. ಅಳೆದು ಕಂಡುಕೊಂಡ ಬೆಲೆ ಹೀಲಿಯಂಗೆ ಸುಮಾರು 45, ನೈಟ್ರೋಜನ್‌ಗೆ ಸುಮಾರು 620. ಅಂಕಿ ಒರಟು, ನಿಜ. ಆದರೆ ಕೋಣೆಯ 300 ಕೆಲ್ವಿನ್ ಯಾವ ಅನಿಲಕ್ಕೆ ಕೆಳಗಿದೆ, ಯಾವುದಕ್ಕೆ ಮೇಲಿದೆ ಅನ್ನೋದನ್ನು ಸೂತ್ರ ಸರಿಯಾಗಿಯೇ ಹೇಳುತ್ತದೆ. ನಮಗೆ ಮೊದಲು ಬೇಕಾದದ್ದು ಅದೇ.

ನೈಟ್ರೋಜನ್ ಕಥೆ ಸುಲಭ. 300 ಕೆಲ್ವಿನ್‌ನಲ್ಲಿ 1 ಬಾರ್ ನೈಟ್ರೋಜನ್‌ನ ಎಂಥಾಲ್ಪಿ ಕೆಜಿಗೆ ಸುಮಾರು 311 ಕಿಲೋಜೌಲ್. ಅದೇ ತಾಪಮಾನದಲ್ಲಿ 200 ಬಾರ್‌ಗೆ ಒತ್ತಿದರೆ ಸುಮಾರು 279. ವ್ಯತ್ಯಾಸ 32. ಒಂದೇ ಸಲ ವಾಲ್ವಿನಲ್ಲಿ ಬಿಟ್ಟರೆ ತಾಪಮಾನ 30 ಡಿಗ್ರಿಯಷ್ಟು ಇಳಿಯುತ್ತದೆ ಅಷ್ಟೇ. ದ್ರವ ಆಗೋದು 77 ಕೆಲ್ವಿನ್‌ನಲ್ಲಿ, ಅದು ಇನ್ನೂ ಬಹಳ ದೂರ. 1895ರಲ್ಲಿ ಲಿಂಡೆ ಮತ್ತು ಹ್ಯಾಂಪ್ಸನ್ ಬೇರೆಬೇರೆಯಾಗಿ ಮಾಡಿದ ಉಪಾಯ ಏನೆಂದರೆ, ಹೀಗೆ ತಂಪಾದ ಅನಿಲವನ್ನು ಹೀಟ್ ಎಕ್ಸ್‌ಚೇಂಜರಿನಲ್ಲಿ ಒಳಬರುವ ಅನಿಲದ ಪಕ್ಕದಲ್ಲೇ ಎದುರು ದಿಕ್ಕಿಗೆ ಹರಿಸಿ ಅದನ್ನು ತಂಪು ಮಾಡುವುದು. ಸಾಲಕ್ಕೆ ಬಡ್ಡಿ ಸೇರಿ ಅದಕ್ಕೆ ಮತ್ತೆ ಬಡ್ಡಿ ಬೆಳೆದ ಹಾಗೆ, ತಂಪು ತಂಪನ್ನು ಬೆಳೆಸುತ್ತಾ ಹೋಗುತ್ತದೆ. ಕೊನೆಗೆ ವಾಲ್ವಿನ ಹತ್ತಿರ ಹನಿ ಬೀಳುತ್ತದೆ. ಎಷ್ಟು ಹನಿ? ದ್ರವದ ಎಂಥಾಲ್ಪಿ ಸುಮಾರು −122. ಹಾಗಾಗಿ 32ನ್ನು 311 + 122 = 433ರಿಂದ ಭಾಗಿಸಬೇಕು. ಎಲ್ಲಾ ಸರಿಯಿದ್ದರೂ ನೂರರಲ್ಲಿ 7 ಭಾಗ ಮಾತ್ರ ದ್ರವ, ಉಳಿದದ್ದು ವಾಪಸ್ ಕಂಪ್ರೆಸರಿಗೆ.

ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ದ್ರವ ಎಷ್ಟು ಬರುತ್ತೆ ಅನ್ನೋದನ್ನು ನಿರ್ಧರಿಸುವುದು ಹೀಟ್ ಎಕ್ಸ್‌ಚೇಂಜರಿನ ಬೆಚ್ಚಗಿನ ತುದಿಯಲ್ಲಿರುವ ಆ 32. ಹೀಲಿಯಂ ಅನ್ನು 300 ಕೆಲ್ವಿನ್‌ನಲ್ಲಿ ಬಿಟ್ಟರೆ ಅದೇ ಅಂಕಿ ಮೈನಸ್ ಆಗುತ್ತದೆ. ಎಂಥ ಒಳ್ಳೆಯ ಎಕ್ಸ್‌ಚೇಂಜರ್ ಇಟ್ಟರೂ, ಎಷ್ಟು ಹೊತ್ತು ಓಡಿಸಿದರೂ ಒಂದು ಹನಿ ಸಿಗೋದಿಲ್ಲ. ಒತ್ತಡ ಏರಿಸಿದರೆ ಇನ್ನೂ ಬಿಸಿ.

ಅದಕ್ಕೇ ಹಿಂದಿನವರು ಮೆಟ್ಟಿಲು ಮೆಟ್ಟಿಲಾಗಿ ಇಳಿದರು. ಹೈಡ್ರೋಜನ್‌ನ ಇನ್ವರ್ಶನ್ ತಾಪಮಾನ ಸುಮಾರು 200 ಕೆಲ್ವಿನ್. ಡೀವಾರ್ ಅದನ್ನು ದ್ರವ ಗಾಳಿಯಿಂದ ತಂಪು ಮಾಡಿ, ಆಮೇಲೆ ವಾಲ್ವಿನಲ್ಲಿ ಬಿಟ್ಟು 1898ರಲ್ಲಿ ದ್ರವ ಮಾಡಿದರು. ಹೀಲಿಯಂಗೆ ದ್ರವ ಗಾಳಿಯ 80 ಕೆಲ್ವಿನ್ ಸಾಲದು, ಅದು 45ಕ್ಕಿಂತ ಮೇಲೇ ಇದೆ. ಕಾಮರ್ಲಿಂಗ್ ಓನ್ಸ್ ಲೈಡನ್‌ನಲ್ಲಿ ದ್ರವ ಹೈಡ್ರೋಜನ್ ಬಳಸಿ 1908ರ ಜುಲೈ 10ರಂದು ಹೀಲಿಯಂ ದ್ರವ ಮಾಡಿದರು.

ಇವತ್ತು ಯಾರೂ ಲ್ಯಾಬಿನಲ್ಲಿ ಇದಕ್ಕಾಗಿ ದ್ರವ ಹೈಡ್ರೋಜನ್ ಇಟ್ಟುಕೊಳ್ಳೋದಿಲ್ಲ, ಬೆಂಕಿಯ ಭಯ. ಆ ಮೆಟ್ಟಿಲಿನ ಜಾಗದಲ್ಲಿ ಟರ್ಬೈನ್ ಬಂದಿದೆ. ಟರ್ಬೈನಿನಲ್ಲಿ ಅನಿಲ ಚಕ್ರ ತಿರುಗಿಸುತ್ತದೆ, ಕೆಲಸ ಮಾಡುತ್ತದೆ, ಆ ಶಕ್ತಿ ಹೊರಗೆ ಹೋಗುತ್ತದೆ. ಇದಕ್ಕೆ ಇನ್ವರ್ಶನ್ ತಾಪಮಾನದ ಹಂಗಿಲ್ಲ. ಆದರ್ಶ ಅನಿಲವೂ ಟರ್ಬೈನಿನಲ್ಲಿ ತಂಪಾಗುತ್ತದೆ. ಹಾಗಿದ್ರೆ ಕೊನೆವರೆಗೂ ಟರ್ಬೈನೇ ಸಾಕಲ್ವಾ ಅಂದರೆ, ಅತಿ ವೇಗದಲ್ಲಿ ತಿರುಗುವ ಪುಟ್ಟ ಚಕ್ರಕ್ಕೆ ದ್ರವದ ಹನಿ ಒಳ್ಳೆಯದಲ್ಲ. ವಾಲ್ವಿಗೆ ಆ ಚಿಂತೆ ಇಲ್ಲ.

ನಮ್ಮ ಪ್ಲಾಂಟಿನಲ್ಲಿ ಹೀಗೆ ನಡೆಯುತ್ತದೆ. ಕಂಪ್ರೆಸರ್ ಹೀಲಿಯಂ ಅನ್ನು ಸುಮಾರು 14 ಬಾರ್‌ಗೆ ಒತ್ತುತ್ತದೆ. ಮೊದಲ ಎಕ್ಸ್‌ಚೇಂಜರಿನಲ್ಲಿ ಲಿಕ್ವಿಡ್ ನೈಟ್ರೋಜನ್ ಅದನ್ನು 80 ಕೆಲ್ವಿನ್‌ಗೆ ತರುತ್ತದೆ. ಅಲ್ಲಿಂದ ಕೆಳಗೆ ಎರಡು ಟರ್ಬೈನ್‌ಗಳ ಕೆಲಸ. ಈ ಹೊತ್ತಿನಲ್ಲೂ ಜೆ-ಟಿ ವಾಲ್ವನ್ನು ಪೂರ್ತಿ ಮುಚ್ಚೋದಿಲ್ಲ. ಸ್ವಲ್ಪ ಅನಿಲ ಹರಿದರೇ ಕೊನೆಯ ಎಕ್ಸ್‌ಚೇಂಜರ್ ಮತ್ತು ಕೆಳಗೆ ದ್ರವ ಸೇರುವ ಡೀವಾರ್ ಪಾತ್ರೆ ತಂಪಾಗೋದು. ಆದರೆ ಆಗ ವಾಲ್ವ್ ಟರ್ಬೈನ್ ಮಾಡಿದ ತಂಪನ್ನು ಸಾಗಿಸುತ್ತದೆ ಅಷ್ಟೇ, ತಾನು ಏನೂ ಸೇರಿಸೋದಿಲ್ಲ. ಬೇಗ ಆಗಲಿ ಅಂತ ಅದನ್ನು ಜಾಸ್ತಿ ತೆರೆದರೆ ಕಂಪ್ರೆಸರಿನ ಅನಿಲವೆಲ್ಲ ಆ ದಾರಿ ಹಿಡಿಯುತ್ತದೆ, ಟರ್ಬೈನಿಗೆ ಪಾಲು ಕಡಿಮೆ ಆಗುತ್ತದೆ. ಸ್ಕ್ರೀನಿನಲ್ಲಿ ತಾಪಮಾನದ ಗೆರೆ ಇಳಿಯುವುದನ್ನು ಬಿಟ್ಟು ಚಪ್ಪಟೆಯಾಗುತ್ತದೆ.

ನಾನು ನೋಡುವುದು ವಾಲ್ವಿನ ಹಿಂದಿನ ಮತ್ತು ಮುಂದಿನ ಎರಡು ತಾಪಮಾನ. 60 ಕೆಲ್ವಿನ್‌ನಲ್ಲಿ ಮುಂದಿನದು ಕೂದಲೆಳೆಯಷ್ಟು ಬೆಚ್ಚಗಿರುತ್ತದೆ. 45 ದಾಟಿದ ತಕ್ಷಣ ಪವಾಡ ಆಗೋದಿಲ್ಲ. ಆ ಅಂಕಿ ತೀರಾ ಕಡಿಮೆ ಒತ್ತಡದ್ದು. ಒತ್ತಡ ಏರಿದಂತೆ ಇನ್ವರ್ಶನ್ ತಾಪಮಾನ ಕೆಳಗೆ ಸರಿಯುತ್ತದೆ. ಸುಮಾರು 40 ಬಾರ್ ಮೇಲೆ ಹೋದರೆ ಹೀಲಿಯಂ ಯಾವ ತಾಪಮಾನದಲ್ಲೂ ಒತ್ತಡ ಇಳಿಯುವ ಆ ಮೊದಲ ಹಂತದಲ್ಲಿ ತಂಪಾಗೋದಿಲ್ಲ. ನೈಟ್ರೋಜನ್ ಥರ 200 ಬಾರ್ ಹಾಕಿ ಪ್ರಯೋಜನವಿಲ್ಲ ಅನ್ನೋದು ಇದಕ್ಕೇ. 30ರ ಆಸುಪಾಸಿನಲ್ಲಿ ಎರಡು ಗೆರೆಗಳು ಬೇರೆಯಾಗಲು ಶುರುವಾಗುತ್ತವೆ. 20ರ ಕೆಳಗೆ ಅಂತರ ಜೋರಾಗಿ ಬೆಳೆಯುತ್ತದೆ, ತಂಪಾದಷ್ಟೂ ಎಳೆತದ ಕೈ ಮೇಲಾಗುತ್ತದಲ್ಲ. ಆಮೇಲೆ ಮುಂದಿನ ತಾಪಮಾನ 4.4ಕ್ಕೆ ಬಂದು ಅಲುಗಾಡದೆ ನಿಲ್ಲುತ್ತದೆ. 1.2 ಬಾರ್‌ನಲ್ಲಿ ಹೀಲಿಯಂ ಕುದಿಯುವ ಬಿಂದು ಅದು. ಸ್ವಲ್ಪ ಹೊತ್ತಿಗೆ ಡೀವಾರಿನ ಲೆವೆಲ್ ಮೀಟರ್ ಏರತೊಡಗುತ್ತದೆ.

ಏರುತ್ತಿದ್ದ ಲೆವೆಲ್ ನಿಂತುಬಿಟ್ಟರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ. ವಾಲ್ವ್ ಎಷ್ಟು ತೆರೆದಿದೆಯೋ ಅಷ್ಟೇ ಇದ್ದು ಹರಿವು ಮಾತ್ರ ಕುಗ್ಗಿದರೆ ಒಳಗೆ ಏನೋ ಹೆಪ್ಪುಗಟ್ಟಿದೆ ಅಂತ. ಗ್ಯಾಸ್ ಬ್ಯಾಗಿನಿಂದ ಬಂದ ಹೀಲಿಯಂನಲ್ಲಿ ಗಾಳಿ ಸೇರಿದ್ದರೆ ಅದರ ನೈಟ್ರೋಜನ್ 63 ಕೆಲ್ವಿನ್‌ನಲ್ಲೇ ಗಟ್ಟಿಯಾಗುತ್ತದೆ. ವಾಲ್ವಿನ ಸೂಜಿಯ ಸುತ್ತ ಇರುವ ಸಂದು ಮುಚ್ಚಲು ಬಹಳ ಬೇಕಿಲ್ಲ. ಆಗ ನಿಲ್ಲಿಸಿ, ಆ ಭಾಗವನ್ನು 100 ಕೆಲ್ವಿನ್‌ಗಿಂತ ಮೇಲೆ ಬಿಸಿ ಮಾಡಿ, ವ್ಯಾಕ್ಯೂಮ್ ಎಳೆದು, ಶುದ್ಧ ಹೀಲಿಯಂ ತುಂಬಿ ಮೊದಲಿನಿಂದ ತಂಪು ಮಾಡಬೇಕು. ಹರಿವು ಚೆನ್ನಾಗಿಯೇ ಇದ್ದು ಕೊನೆಯ ಎಕ್ಸ್‌ಚೇಂಜರಿನ ಬೆಚ್ಚಗಿನ ತುದಿ ಮೇಲಕ್ಕೆ ಸರಿದಿದ್ದರೆ ವಾಲ್ವನ್ನು ಮುಟ್ಟಲೇಬಾರದು. ತೊಂದರೆ ಇರೋದು ಟರ್ಬೈನಿನ ಕಡೆ. ಅದರ ವೇಗ, ಅದಕ್ಕೆ ಬರುವ ಒತ್ತಡ, ನೈಟ್ರೋಜನ್ ಹರಿವು ಇವನ್ನು ನೋಡಬೇಕು.