ಬಾಡಿಗೆ ಕರಾರು: ಅಡ್ವಾನ್ಸ್ ಸಿಕ್ಕಿಬೀಳುವುದು ಯಾವ ಸಾಲಿನಲ್ಲಿ?

ಬೆಂಗಳೂರಿನಲ್ಲಿ ಬಾಡಿಗೆ ಕರಾರು ಹೆಚ್ಚಾಗಿ ಜೆರಾಕ್ಸ್ ಅಂಗಡಿಯಲ್ಲೇ ಹುಟ್ಟುತ್ತದೆ. ಹಳೆಯ ಫೈಲ್ ತೆರೆದು ಹೆಸರು, ವಿಳಾಸ, ಬಾಡಿಗೆ ಮೊತ್ತ ಬದಲಿಸಿ ಪ್ರಿಂಟ್ ಕೊಡುತ್ತಾರೆ. ಹಿಂದಿನ ಬಾಡಿಗೆದಾರರ ಹೆಸರು ಮೂರನೇ ಪುಟದಲ್ಲಿ ಹಾಗೇ ಉಳಿದಿರುವುದೂ ಉಂಟು. ಜಗಳ ಹುಟ್ಟುವುದು ಮಾತ್ರ ಹೆಸರಿನಿಂದಲ್ಲ. ಅಡ್ವಾನ್ಸ್, ಇಂತಿಷ್ಟು ತಿಂಗಳು ಮನೆ ಬಿಡುವಂತಿಲ್ಲ ಎನ್ನುವ ಲಾಕ್-ಇನ್, ಮೇಂಟೆನೆನ್ಸ್, ನೋಟಿಸ್ ಎಂಬ ನಾಲ್ಕು ಷರತ್ತುಗಳಿಂದ. ಅವನ್ನು ಅಂಗಡಿಯವರ ಕೈಗೆ ಬಿಡದೆ ಮನೆಯಲ್ಲೇ ಬರೆದುಕೊಂಡು ಹೋಗಿ.

1. ಅವಧಿ

ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಎಲ್ಲರೂ 11 ತಿಂಗಳಿಗೆ ಬರೆಸುವುದು ಅದಕ್ಕೇ. ‘11 ತಿಂಗಳು’ ಎಂದಷ್ಟೇ ಬರೆದು ಬಿಡಬೇಡಿ, ಶುರುವಾಗುವ ಮತ್ತು ಮುಗಿಯುವ ತಾರೀಕು ಎರಡನ್ನೂ ಹಾಕಿ. ಮುಂದಿನ ಲೆಕ್ಕವೆಲ್ಲ ಆ ತಾರೀಕುಗಳ ಮೇಲೆ ನಿಂತಿರುತ್ತದೆ. ಅಂದಹಾಗೆ, ಬೋರ್ಡಿನಲ್ಲಿ ‘ಲೀಸ್‌ಗೆ ಇದೆ’ ಎಂದಿದ್ದರೆ ಅದು ಭೋಗ್ಯ: ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇರುವುದು. ಅದರ ಕರಾರೇ ಬೇರೆ. ಈ ನಮೂನೆಯನ್ನು ಅದಕ್ಕೆ ಹಚ್ಚಬೇಡಿ.

2. ಅಡ್ವಾನ್ಸ್

ಮೊತ್ತವನ್ನು ಅಂಕಿ ಮತ್ತು ಅಕ್ಷರ ಎರಡರಲ್ಲೂ ಬರೆಯಿರಿ. ಯಾವ ದಿನ, ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತು ಎಂಬುದೂ ಇರಲಿ. ಮನೆ ಹಿಡಿದಿಡಲು ಮೊದಲೇ ಕೊಟ್ಟ ಟೋಕನ್ ಹಣ ಇದರಲ್ಲೇ ಸೇರಿದೆ ಎಂದು ಒಂದು ಸಾಲು ಬೇಕೇ ಬೇಕು. ನಗದು ಕೊಡಲೇಬೇಡಿ.

ಎಡವುವುದು ವಾಪಸಾತಿಯ ಸಾಲಿನಲ್ಲಿ. ಅಂಗಡಿಯ ನಮೂನೆಯಲ್ಲಿ ‘ಮನೆ ಖಾಲಿ ಮಾಡಿದ ನಂತರ ಹಿಂದಿರುಗಿಸತಕ್ಕದ್ದು’ ಎಂದಿರುತ್ತದೆ. ನಂತರ ಎಂದರೆ ಯಾವಾಗ? ‘ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಕೊಡ್ತೀನಿ’ ಎನ್ನುವ ಮಾತು ಆ ಒಂದು ಪದದ ಸಂದಿಯಲ್ಲಿ ನುಗ್ಗುತ್ತದೆ. ಬದಲಿಗೆ ಹೀಗೆ ಬರೆಯಿರಿ:

‘ಬಾಡಿಗೆದಾರರು ಬೀಗದ ಕೈ ಒಪ್ಪಿಸುವ ದಿನವೇ ಮಾಲೀಕರು ಅಡ್ವಾನ್ಸ್ ಹಣವನ್ನು ಬಾಡಿಗೆದಾರರ ಬ್ಯಾಂಕ್ ಖಾತೆಗೆ ಹಿಂದಿರುಗಿಸತಕ್ಕದ್ದು. ಹೊಸ ಬಾಡಿಗೆದಾರರು ಬರುವುದಕ್ಕೂ ಈ ವಾಪಸಾತಿಗೂ ಸಂಬಂಧವಿರುವುದಿಲ್ಲ.’

ಕಡಿತ ಯಾವುದಕ್ಕೆ ಎಂಬುದನ್ನೂ ಇಲ್ಲೇ ಮುಗಿಸಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಊರ ರೂಢಿ. ಒಪ್ಪುವುದಾದರೆ ‘ಪೇಂಟಿಂಗ್ ಮತ್ತು ಕ್ಲೀನಿಂಗ್ ಎರಡೂ ಸೇರಿ’ ಎಂದು ಬರೆಸಿ. ಇಲ್ಲವಾದರೆ ಕ್ಲೀನಿಂಗ್‌ಗೆ ಇನ್ನೊಂದು ಚೀಟಿ ಬರುತ್ತದೆ. ಮುರಿದ ವಸ್ತುವಿಗೆ ಬಿಲ್ ತೋರಿಸಿಯೇ ಹಿಡಿಯಬೇಕು, ದಿನಬಳಕೆಯ ಸವೆತಕ್ಕೆ ಹಿಡಿಯುವಂತಿಲ್ಲ ಎಂದೂ ಸೇರಿಸಿ. ಕೊನೆಯ ಕರೆಂಟ್ ಬಿಲ್ ಇನ್ನೂ ಬಂದಿಲ್ಲ ಎಂಬ ಕಾರಣಕ್ಕೆ ಪೂರ್ತಿ ಅಡ್ವಾನ್ಸ್ ತಡೆಹಿಡಿಯುವುದು ಇನ್ನೊಂದು ಚಾಳಿ. ಬಿಲ್ ಬರುವವರೆಗೆ 2,000 ರೂಪಾಯಿ ಮಾತ್ರ ಇಟ್ಟುಕೊಳ್ಳಬಹುದು ಎಂದು ಬರೆದರೆ ಅದಕ್ಕೂ ಬಾಗಿಲು ಮುಚ್ಚಿತು.

ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂದು ಕೆಲವರು ವಾದಕ್ಕೆ ನಿಲ್ಲುತ್ತಾರೆ. ಅದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಮಾತು. ಮಾದರಿ ಎಂದರೆ ಮಾದರಿಯೇ. ರಾಜ್ಯ ಅದನ್ನು ತನ್ನ ಕಾನೂನು ಮಾಡಿಕೊಂಡ ಕಡೆ ಮಾತ್ರ ನಡೆಯುತ್ತದೆ.

3. ಲಾಕ್-ಇನ್ ಮತ್ತು ನೋಟಿಸ್: ಎರಡನ್ನೂ ಒಟ್ಟಿಗೆ ಬರೆಯಿರಿ

ಇವನ್ನು ಬೇರೆ ಬೇರೆ ಪುಟದಲ್ಲಿ ಬರೆದು, ಒಂದಕ್ಕೊಂದು ಹೇಗೆ ಕೂಡುತ್ತದೆ ಎಂದು ಹೇಳದೆ ಬಿಡುವುದೇ ದೊಡ್ಡ ತಪ್ಪು. ಒಂದು ಲೆಕ್ಕ ನೋಡಿ. ಬಾಡಿಗೆ 25,000. ಕರಾರು ಜೂನ್ 1ರಿಂದ. ಲಾಕ್-ಇನ್ ಆರು ತಿಂಗಳು, ಅಂದರೆ ನವೆಂಬರ್ 30ರವರೆಗೆ. ನೋಟಿಸ್ ಎರಡು ತಿಂಗಳು. ಬಾಡಿಗೆದಾರರು ಅಕ್ಟೋಬರ್ 12ರಂದು ನೋಟಿಸ್ ಕೊಡುತ್ತಾರೆ.

ಅವರ ಲೆಕ್ಕದಲ್ಲಿ ಎರಡು ತಿಂಗಳು ಡಿಸೆಂಬರ್ 12ಕ್ಕೆ ಮುಗಿಯಿತು, ಲಾಕ್-ಇನ್ ಅದಕ್ಕೂ ಮೊದಲೇ ಮುಗಿದಿದೆ. ಮಾಲೀಕರ ಲೆಕ್ಕ ಬೇರೆ: ಲಾಕ್-ಇನ್ ಇರುವಾಗ ನೋಟಿಸ್ ಕೊಟ್ಟರೆ ಲೆಕ್ಕಕ್ಕಿಲ್ಲ, ಡಿಸೆಂಬರ್ 1ರಿಂದ ಎಣಿಸಿ, ಜನವರಿ 31ಕ್ಕೆ ಹೋಗಿ. ಕರಾರಿನಲ್ಲಿ ಏನೂ ಇಲ್ಲದಿದ್ದರೆ ಇಬ್ಬರ ವಾದಕ್ಕೂ ಜಾಗವಿದೆ. ನಡುವಿನ ದಿನಗಳ ಬಾಡಿಗೆಯೇ ನಲವತ್ತು ಸಾವಿರ ದಾಟುತ್ತದೆ. ಅಡ್ವಾನ್ಸ್ ಮಾಲೀಕರ ಕೈಯಲ್ಲಿರುವುದರಿಂದ ಅವರು ಹಿಡಿದುಕೊಂಡದ್ದೇ ಲೆಕ್ಕ. ತಪ್ಪಿಸುವ ಸಾಲು ಇದು:

‘ಲಾಕ್-ಇನ್ ಅವಧಿ 30 ನವೆಂಬರ್‌ವರೆಗೆ ಇಬ್ಬರಿಗೂ ಅನ್ವಯ. ಈ ಅವಧಿಯೊಳಗೂ ನೋಟಿಸ್ ಕೊಡಬಹುದು. ಆದರೆ ಮನೆ ಖಾಲಿ ಮಾಡುವ ದಿನ 30 ನವೆಂಬರ್‌ಗಿಂತ ಮುಂಚೆ ಬರತಕ್ಕದ್ದಲ್ಲ. ನೋಟಿಸ್ ತಲುಪಿದ ಮರುದಿನದಿಂದ ಎರಡು ತಿಂಗಳು ಎಣಿಸತಕ್ಕದ್ದು. ತಿಂಗಳ ನಡುವೆ ಮುಗಿದರೆ ಆ ತಿಂಗಳ ಬಾಡಿಗೆ ದಿನದ ಲೆಕ್ಕದಲ್ಲಿ.’

‘ಇಬ್ಬರಿಗೂ’ ಎಂಬ ಪದವನ್ನು ಬಿಡಬೇಡಿ. ನಮೂನೆಗಳಲ್ಲಿ ಲಾಕ್-ಇನ್ ಬಾಡಿಗೆದಾರರಿಗೆ ಮಾತ್ರ ಇರುತ್ತದೆ, ಮಾಲೀಕರು ಮೂರನೇ ತಿಂಗಳಿಗೇ ‘ಮಗ ಬರ್ತಿದ್ದಾನೆ, ಖಾಲಿ ಮಾಡಿ’ ಎನ್ನಬಹುದು. ಲಾಕ್-ಇನ್ ಮುರಿದರೆ ಎಷ್ಟು ಎಂಬುದನ್ನೂ ಬರೆಯಿರಿ. ‘ಉಳಿದ ಅಷ್ಟೂ ತಿಂಗಳ ಬಾಡಿಗೆ’ ಎಂಬ ಸಾಲು ಕಂಡರೆ ಹೊಡೆದುಹಾಕಿಸಿ, ಒಂದು ತಿಂಗಳದ್ದು ಎಂದು ಮಾಡಿಸಿ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತದ ಮಿತಿಯೊಳಗೆ ನ್ಯಾಯವಾದ ಪರಿಹಾರವಷ್ಟೇ ಸಿಗುವುದು ನಿಜ. ಆದರೆ ಒಂದೆರಡು ತಿಂಗಳ ಬಾಡಿಗೆಗಾಗಿ ಕೋರ್ಟಿಗೆ ಅಲೆಯುವವರು ಯಾರು?

ನವೀಕರಣದಲ್ಲೂ ಒಂದು ಗುಂಡಿ ಇದೆ. 11 ತಿಂಗಳಾದ ಮೇಲೆ ಅದೇ ಫೈಲಿನ ತಾರೀಕು ಬದಲಿಸಿ ಪ್ರಿಂಟ್ ತೆಗೆದರೆ ಲಾಕ್-ಇನ್ ಮತ್ತೆ ಮೊದಲಿನಿಂದ ಶುರು. ನವೀಕರಿಸಿದ ಕರಾರಿನಲ್ಲಿ ಲಾಕ್-ಇನ್ ಸಾಲನ್ನು ಪೂರ್ತಿ ಅಳಿಸಿ. ನೋಟಿಸ್ ಅವಧಿಯನ್ನೇ ಬರೆಯದೆ ಬಿಟ್ಟಿದ್ದರೆ, ತಿಂಗಳ ಬಾಡಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಕೊಡುವುದು ಬರೀ 15 ದಿನ. ಮಕ್ಕಳ ಶಾಲೆ ನಡೆಯುತ್ತಿರುವಾಗ 15 ದಿನದಲ್ಲಿ ಮನೆ ಹುಡುಕುವುದು ಆಗದ ಮಾತು.

4. ಮೇಂಟೆನೆನ್ಸ್

ಬಾಡಿಗೆ ಬೇರೆ, ಮೇಂಟೆನೆನ್ಸ್ ಬೇರೆ ಎಂದೇ ಬರೆಯಿರಿ. ‘ಎಲ್ಲ ಸೇರಿ 28,000’ ಎಂದರೆ ವರ್ಷಕ್ಕೆ ಐದು ಪರ್ಸೆಂಟ್ ಏರಿಕೆ ಮೇಂಟೆನೆನ್ಸಿನ 3,000ದ ಮೇಲೂ ಬೀಳುತ್ತದೆ, ಪೇಂಟಿಂಗ್ ಕಡಿತವೂ 25,000ದ ಬದಲು 28,000 ಆಗುತ್ತದೆ. ಸೆಕ್ಯುರಿಟಿ, ಲಿಫ್ಟ್ ಕರೆಂಟು, ಕಸ, ನೀರಿನ ಟ್ಯಾಂಕರ್ ಹೀಗೆ ತಿಂಗಳ ಖರ್ಚು ಬಾಡಿಗೆದಾರರದು. ಕಟ್ಟಡಕ್ಕೆ ಬಣ್ಣ, ಹೊಸ ಲಿಫ್ಟ್, ಹೊಸ ಬೋರ್‌ವೆಲ್ ಇವಕ್ಕೆ ಅಸೋಸಿಯೇಷನ್ ಒಂದೇ ಸಲ ಎತ್ತುವ ಹಣ ಮತ್ತು ಆಸ್ತಿ ತೆರಿಗೆ ಮಾಲೀಕರದು. ಮನೆಯೊಳಗಿನ ರಿಪೇರಿಗೂ ಒಂದು ಗೆರೆ ಎಳೆಯಿರಿ: 1,000 ರೂಪಾಯಿ ಒಳಗಿನದು ಬಾಡಿಗೆದಾರರದು, ಮೇಲಿನದು ಮಾಲೀಕರದು.

5. ಸಹಿ

ಇ-ಸ್ಟಾಂಪ್ ಕಾಗದ, ಪ್ರತಿ ಪುಟಕ್ಕೂ ಇಬ್ಬರ ಸಹಿ, ಎರಡು ಸಾಕ್ಷಿ, ಇಬ್ಬರಿಗೂ ಒಂದೊಂದು ಪ್ರತಿ. ನೋಟರಿ ಮುದ್ರೆ ಬಿದ್ದರೆ ನೋಂದಣಿ ಆದಂತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಫ್ಯಾನ್, ಗೀಸರ್, ಬೀಗದ ಕೈಗಳ ಎಣಿಕೆಯ ಪಟ್ಟಿಯನ್ನು ಕೊನೆಯ ಪುಟವಾಗಿ ಸೇರಿಸಿ, ಗೋಡೆ ಮತ್ತು ಬಚ್ಚಲಿನ ಫೋಟೊಗಳನ್ನು ಅದೇ ದಿನ ಪರಸ್ಪರ ಕಳಿಸಿಕೊಳ್ಳಿ.

ನೋಟಿಸ್ ಹೇಗೆ ತಲುಪಬೇಕು ಎಂಬುದೂ ಕರಾರಿನಲ್ಲೇ ಇರಲಿ: ಇಬ್ಬರ ಇಮೇಲ್ ಮತ್ತು ವಾಟ್ಸ್‌ಆ್ಯಪ್ ನಂಬರ್ ಬರೆದು, ಅವಕ್ಕೆ ಕಳಿಸಿದ್ದು ತಲುಪಿದಂತೆ ಎಂದು ಸೇರಿಸಿ. ಕೊಡುವ ದಿನ ಎರಡೇ ಸಾಲು ಸಾಕು: ‘ದಿನಾಂಕ 1 ಜೂನ್‌ರ ಕರಾರಿನಂತೆ ಇಂದು, 12 ಅಕ್ಟೋಬರ್, ಎರಡು ತಿಂಗಳ ನೋಟಿಸ್ ಕೊಡುತ್ತಿದ್ದೇನೆ. 12 ಡಿಸೆಂಬರ್‌ರಂದು ಮನೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸುತ್ತೇನೆ. ಅದೇ ದಿನ ಅಡ್ವಾನ್ಸ್ ಹಿಂದಿರುಗಿಸಬೇಕು.’ ‘ಸರ್, ಖಾಲಿ ಮಾಡೋಣ ಅಂತಿದ್ದೀವಿ’ ಎಂದು ಫೋನಿನಲ್ಲಿ ಹೇಳಿದ್ದು ನೋಟಿಸ್ ಅಲ್ಲ.