‘ನಮಗೆ ಬೇಡ, ಮತ್ತೆ ಮೇಲ್ ಮಾಡಬೇಡಿ’ ಎಂದವರಿಗೆ ನಾನು ಬರೆಯುವ ಉತ್ತರ

ಪೀಣ್ಯದಲ್ಲಿ ರಟ್ಟಿನ ಬಾಕ್ಸ್ ಮಾಡುವ ಸಣ್ಣ ಘಟಕ ನಮ್ಮದು, ಕಂಪನಿಗಳಿಗೆ ಮೇಲ್ ಬರೆದು ಆರ್ಡರ್ ತರುವ ಕೆಲಸ ನನ್ನದು. ಖಡಾಖಂಡಿತವಾಗಿ ಬೇಡ ಎಂದವರಿಗೂ ಒಂದು ಉತ್ತರ ಬರೆಯುತ್ತೇನೆ ಎಂದಾಗ ನಮ್ಮ ಪಾರ್ಟ್ನರ್ ಒಪ್ಪಿರಲಿಲ್ಲ. "ಬೇಡ ಅಂದವರ ಹತ್ರ ಇನ್ನೇನ್ ಮಾತು? ಮುಂದಿನ ಪಾರ್ಟಿ ನೋಡು" ಎನ್ನುತ್ತಿದ್ದರು. ಈಗ ತಿಂಗಳಿಗೆ ಸುಮಾರು ಎರಡು ಲಕ್ಷದ ಕೆಲಸ ಕೊಡುವ ಅಗರಬತ್ತಿ ರಫ್ತು ಕಂಪನಿ ನಮಗೆ ಸಿಕ್ಕಿದ್ದು ಅಂಥ ಒಂದು ಉತ್ತರದಿಂದಲೇ.

ಇದಕ್ಕೆ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದ್ದೆವು. ಬೇಡ ಎಂದ ಕೂಡಲೇ ಬಾಕ್ಸಿಗೆ ಒಂದು ರೂಪಾಯಿ ಇಳಿಸಿ ಹೊಸ ಕೊಟೇಶನ್ ಕಳಿಸುವುದು. ಒಂದು ಮಸಾಲೆ ಕಂಪನಿ ಆ ಕೊಟೇಶನ್ನನ್ನು ಹಳೆಯ ಸಪ್ಲೈಯರ್‌ಗೆ ತೋರಿಸಿ ಅವರ ರೇಟನ್ನೇ ಇಳಿಸಿಕೊಂಡಿತು. ನಮಗೆ ಸ್ಯಾಂಪಲ್, ಬಾಕ್ಸಿನ ಮೇಲೆ ಅಚ್ಚು ಹಾಕುವ ಸ್ಟೀರಿಯೊ ಪ್ಲೇಟ್, ಆಟೋ ಬಾಡಿಗೆ ಎಲ್ಲ ಸೇರಿ ಐದಾರು ಸಾವಿರ ಕೈಬಿಟ್ಟಿತು. ‘ಯಾಕೆ ಬೇಡ ಅಂತ ತಿಳಿಸಬಹುದೇ ಸರ್’ ಎಂದು ಕೇಳುವುದು ಇನ್ನೊಂದು ದಾರಿ. ಪರ್ಚೇಸ್‌ನವರಿಗೆ ಅದು ಹೊಸ ಕೆಲಸ ಹಚ್ಚಿದಂತೆ. ‘ಆಗಲೇ ಹೇಳಿದ್ದೀನಲ್ಲ’ ಎಂಬ ಮರುಮೇಲ್ ಬಂತೆಂದರೆ ನಿಮ್ಮ ಉತ್ತರದಲ್ಲಿ ಎಲ್ಲೋ ಒಂದು ಪ್ರಶ್ನೆ ಉಳಿದಿದೆ ಎಂದೇ ಅರ್ಥ.

ಅಗರಬತ್ತಿ ಕಂಪನಿಯ ಪರ್ಚೇಸ್ ಮ್ಯಾನೇಜರ್ ಬರೆದದ್ದು ಎರಡೇ ಸಾಲು: ನಮಗೆ ಖಾಯಂ ವೆಂಡರ್ ಇದ್ದಾರೆ, ಆಸಕ್ತಿಯಿಲ್ಲ, ದಯವಿಟ್ಟು ಫಾಲೋಅಪ್ ಮಾಡಬೇಡಿ. ನನ್ನ ಉತ್ತರ ಇಂಗ್ಲಿಷಿನಲ್ಲಿ ಹೋಯಿತು, ಒಕ್ಕಣೆ ಹೀಗಿತ್ತು:

"ಸರ್, ನೇರವಾಗಿ ತಿಳಿಸಿದ್ದಕ್ಕೆ ಧನ್ಯವಾದ. ನಿಮ್ಮ ಹೆಸರನ್ನು ನಮ್ಮ ಫಾಲೋಅಪ್ ಪಟ್ಟಿಯಿಂದ ತೆಗೆದಿದ್ದೇನೆ, ನಾನಾಗಿ ಫೋನ್ ಅಥವಾ ಮೇಲ್ ಮಾಡುವುದಿಲ್ಲ. ಎಂದಾದರೂ ಅರ್ಜೆಂಟಾಗಿ 5 ಪ್ಲೈ ಎಕ್ಸ್‌ಪೋರ್ಟ್ ಬಾಕ್ಸ್ ಸಣ್ಣ ಲಾಟ್‌ನಲ್ಲಿ ಬೇಕಾದರೆ ಈ ಮೇಲ್‌ಗೇ ಉತ್ತರಿಸಿ. 500 ಬಾಕ್ಸ್‌ನಿಂದ ಮೇಲೆ, ಮೂರು ನಾಲ್ಕು ದಿನದಲ್ಲಿ ಮಾಡಿಕೊಡುತ್ತೇವೆ."

ಕೆಳಗೆ ನನ್ನ ಹೆಸರು, ಮೊಬೈಲ್ ನಂಬರ್. ಅಟ್ಯಾಚ್‌ಮೆಂಟ್ ಇಲ್ಲ, ರೇಟ್ ಇಲ್ಲ, ‘ಒಮ್ಮೆ ಅವಕಾಶ ಕೊಡಿ’ ಇಲ್ಲ.

ಇದರಲ್ಲಿ ನಿಜವಾಗಿ ಕೆಲಸ ಮಾಡುವುದು ಮೂರನೇ ವಾಕ್ಯ. ‘ಮುಂದೆ ಬೇಕಾದರೆ ತಿಳಿಸಿ’ ಎಂದಷ್ಟೇ ಬರೆದರೆ ಯಾರಿಗೂ ನೆನಪಿರುವುದಿಲ್ಲ. ಖಾಯಂ ವೆಂಡರ್ ಕೈಕೊಡುವುದು ಎಲ್ಲಿ ಎಂದು ಯೋಚಿಸಿ, ಆ ಸಂದರ್ಭವನ್ನೇ ಹೆಸರಿಸಬೇಕು. ನಮ್ಮ ಲೈನಿನಲ್ಲಿ ಅದು ಸಣ್ಣ ಲಾಟ್ ಮತ್ತು ಅವಸರ: ದೊಡ್ಡ ಪ್ಲಾಂಟ್‌ನವರು ಐನೂರು ಬಾಕ್ಸಿಗೆ ಮಷಿನ್ ಸೆಟ್ಟಿಂಗ್ ಬದಲಿಸಲು ಮನಸ್ಸು ಮಾಡುವುದಿಲ್ಲ. ಐದು ಪದರದ ರಟ್ಟಿಗೆ ಹೇಳುವ ‘5 ಪ್ಲೈ’ ಎಂಬ ಪದವನ್ನು ಬೇಕೆಂದೇ ಹಾಕಿದ್ದೆ, ಮೇಲ್‌ಬಾಕ್ಸಿನಲ್ಲಿ ಹುಡುಕುವವರು ಟೈಪ್ ಮಾಡುವುದು ಅದನ್ನೇ. ಉತ್ತರವನ್ನು ಅದೇ ಥ್ರೆಡ್‌ನಲ್ಲಿ, ಸಬ್ಜೆಕ್ಟ್ ಬದಲಿಸದೆ ಕಳಿಸಬೇಕು. ಆಗ ನಮ್ಮ ಮೊದಲ ಮೇಲ್‌ನ ವಿವರವೂ ಕೆಳಗೇ ಇರುತ್ತದೆ, ಮೇಲಿನವರಿಗೆ ಫಾರ್ವರ್ಡ್ ಮಾಡಲು ಅವರಿಗೆ ಸುಲಭ.

ಆಮೇಲೆ ನಾನು ಸುಮ್ಮನಿದ್ದೆ. ಏಳೆಂಟು ತಿಂಗಳು. ಮಧ್ಯೆ ಆಯುಧಪೂಜೆಗೆ ಎಲ್ಲರಿಗೂ ವಾಟ್ಸಾಪ್ ಶುಭಾಶಯ ಹೋಯಿತು, ಅವರಿಗೆ ಅದೂ ಇಲ್ಲ. (ಬೇಡ ಎಂದ ಬೇರೆ ಕೆಲವರಿಗೆ ಯುಗಾದಿ ಶುಭಾಶಯ ಕಳಿಸಿ ನೋಡಿದ್ದೆ. ಇಬ್ಬರೋ ಮೂವರೋ ಬ್ಲಾಕ್ ಮಾಡಿದರು, ಆರ್ಡರ್ ಒಂದೂ ಬರಲಿಲ್ಲ.) ಕೊನೆಗೊಂದು ಸಂಜೆ ಅದೇ ಥ್ರೆಡ್‌ನಲ್ಲಿ ಮೇಲ್ ಬಂತು: ಕಂಟೇನರ್ ಬುಕ್ ಆಗಿದೆ, ಗುರುವಾರದೊಳಗೆ ಸಾವಿರದಿನ್ನೂರು ಬಾಕ್ಸ್ ಆಗುತ್ತದೆಯೇ? ಮೊದಲು ಫೋನ್ ಮಾಡಿ ಅಳತೆ, ತೂಕ, ಪ್ರಿಂಟ್ ಕೇಳಿಕೊಂಡೆ. ಅವಸರದ ಲಾಟ್ ಎಂದು ಬಾಕ್ಸಿಗೆ ಒಂದೂವರೆ ರೂಪಾಯಿಯಷ್ಟೇ ಹೆಚ್ಚಿಟ್ಟೆವು. ನಮ್ಮ ಪಾರ್ಟ್ನರ್ ನಾಲ್ಕು ಹಾಕೋಣ ಎಂದರು, ನಾನು ಬಿಡಲಿಲ್ಲ. ಬುಧವಾರ ರಾತ್ರಿಯೇ ಗಾಡಿ ಹೋಯಿತು. ಮುಂದಿನ ತಿಂಗಳು ಖಾಯಂ ರೇಟಿನಲ್ಲಿ ಆರ್ಡರ್ ಬಂತು.

ಎಲ್ಲ ‘ಬೇಡ’ವೂ ಇದೇ ಥರದ್ದಲ್ಲ. ‘ಈ ವರ್ಷದ ರೇಟ್ ಕಾಂಟ್ರ್ಯಾಕ್ಟ್ ಆಗಿಬಿಟ್ಟಿದೆ’ ಎಂದವರಿಗೆ ‘ಫೆಬ್ರವರಿಯಲ್ಲಿ ಒಂದೇ ಒಂದು ಮೇಲ್ ಕಳಿಸುತ್ತೇನೆ, ಬೇಡವೆಂದರೆ ಈಗಲೇ ತಿಳಿಸಿ’ ಎಂದು ಬರೆಯುತ್ತೇನೆ, ಏಕೆಂದರೆ ಹೆಚ್ಚಿನವರ ಕಾಂಟ್ರ್ಯಾಕ್ಟ್ ಮಾರ್ಚ್‌ಗೆ ಮುಗಿಯುತ್ತದೆ. ಫೆಬ್ರವರಿಯ ಆ ಮೇಲ್‌ನ ಮೊದಲ ಸಾಲು ಏನೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ, ಪೀಣ್ಯದಲ್ಲಿ ಬಾಕ್ಸ್ ಮಾಡುವವರು ಬಹಳ ಜನ ಇದ್ದಾರೆ.

ಉತ್ತರ ಕಳಿಸುವುದು ಮಾರನೇ ದಿನ ಬೆಳಿಗ್ಗೆ, ಹತ್ತರ ಸುಮಾರಿಗೆ. ಐದೇ ನಿಮಿಷದಲ್ಲಿ ಕಳಿಸಿದರೆ ಯಾವುದೋ ಸಾಫ್ಟ್‌ವೇರ್ ಕಳಿಸಿದ ಹಾಗಿರುತ್ತದೆ. ಹತ್ತು ಜನರಿಗೆ ಬರೆದರೆ ಏಳೆಂಟು ಜನ ಏನೂ ಹೇಳುವುದಿಲ್ಲ, ಒಬ್ಬಿಬ್ಬರು ‘ನೋಟೆಡ್, ಥ್ಯಾಂಕ್ಸ್’ ಎನ್ನುತ್ತಾರೆ. ಹಾಗೆಂದವರ ಹೆಸರನ್ನು ನಾನು ಬೇರೆ ಹಾಳೆಯಲ್ಲಿ ಬರೆದಿಡುತ್ತೇನೆ. ಈವರೆಗೆ ತಾವಾಗಿ ತಿರುಗಿ ಬಂದ ನಾಲ್ಕೈದು ಪಾರ್ಟಿಗಳಲ್ಲಿ ಹೆಚ್ಚಿನವರು ಆ ಹಾಳೆಯವರೇ.